ಬಡ್ಡಿ ಇಲ್ಲದ ಚೀಟಿಯಲ್ಲಿ ಕೊನೆಯವರಿಗೆ ಎಷ್ಟು ನಷ್ಟ?

ನಮ್ಮ ಬೀದಿಯಲ್ಲಿ 12 ಮನೆಯವರು ಸೇರಿ ಚೀಟಿ ಹಾಕುತ್ತೇವೆ. ತಿಂಗಳಿಗೆ 2,000 ರೂಪಾಯಿ. ಕೂಗುವುದಿಲ್ಲ, ಬಡ್ಡಿಯೂ ಇಲ್ಲ. ಡಬ್ಬಿಯಲ್ಲಿ ಹೆಸರು ಎತ್ತಿ 24,000 ಕೊಡುತ್ತೇವೆ. ಎಲ್ಲರಿಗೂ ಕಟ್ಟಿದಷ್ಟೇ ಬರುತ್ತದೆ, ಆದರೆ ಎಲ್ಲರಿಗೂ ಒಂದೇ ಅಲ್ಲ.

ಮೊದಲು ಎತ್ತಿದವರು ಕಟ್ಟಿರುವುದು 2,000 ಮಾತ್ರ. ಉಳಿದ 22,000 ಅವರಿಗೆ ಬಡ್ಡಿಯಿಲ್ಲದ ಸಾಲ. ಅದನ್ನೇ ಹೊರಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ತಂದು, ತಿಂಗಳಿಗೆ 2,000 ಅಸಲು ತೀರಿಸಿದ್ದರೆ 2,640 ರೂಪಾಯಿ ಬಡ್ಡಿ ಆಗುತ್ತಿತ್ತು. ಕೊನೆಯವರು ಅದೇ ಹಣವನ್ನು ವರ್ಷಕ್ಕೆ 6% ಸಿಗುವ ಆರ್‌ಡಿಗೆ ಕಟ್ಟಿದ್ದರೆ ಸುಮಾರು 660 ಸಿಗುತ್ತಿತ್ತು. ಅದು ಹೋಯಿತು. ನಡುವೆ ಬಂದವರಿಗೆ ಹೆಚ್ಚು ಕಡಿಮೆ ಸರಿಸಮ.

660ಕ್ಕಿಂತ ದೊಡ್ಡ ಭಯ ಬೇರೆ ಇದೆ. ಮೊದಲು ಎತ್ತಿದವರು ಮನೆ ಖಾಲಿ ಮಾಡಿಕೊಂಡು ಹೋದರೆ ಪೆಟ್ಟು ಬೀಳುವುದು ಇನ್ನೂ ಎತ್ತದವರಿಗೆ, ಅಲ್ವಾ? ಅದಕ್ಕೇ ಹೊಸಬರಿಗೆ ಮೊದಲ ಸುತ್ತಿನಲ್ಲಿ ಕೊನೆಯ ಆರು ತಿಂಗಳಲ್ಲೇ ಕೊಡಿ. ಮುಂದಿನ ವರ್ಷ ಡಬ್ಬಿ ಬೇಡ, ಇದೇ ಪಟ್ಟಿಯನ್ನು ತಿರುಗಿಸಿ. ಈ ಸಲ 12ನೆಯವರು ಆಗ 1ನೆಯವರು. ಯಾರಿಗಾದರೂ ಜೂನ್‌ನಲ್ಲಿ ಮಕ್ಕಳ ಫೀಸಿಗೆ ಬೇಕಿದ್ದರೆ ಸರದಿ ಅದಲು ಬದಲು ಮಾಡಿಕೊಳ್ಳಲಿ, ಆದರೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ.