ನನ್ನ ಜಿಟಿಎಕ್ಸ್ 770ಕ್ಕೆ ಹೊಸ ಡ್ರೈವರ್ ನಿಂತ ಮೇಲೆ

2021ರ ಅಕ್ಟೋಬರ್‌ನಲ್ಲಿ ನನ್ನ ಗ್ರಾಫಿಕ್ಸ್ ಕಾರ್ಡ್‌ಗೆ ಎನ್ವಿಡಿಯಾದ ಹೊಸ ಡ್ರೈವರ್ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಲು ಹೋದೆ. ಈ ಡ್ರೈವರ್‌ಗೆ ಹೊಂದುವ ಕಾರ್ಡ್ ಸಿಗಲಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಕಾರ್ಡ್ ಕೆಟ್ಟಿರಲಿಲ್ಲ. 470ರ ಸಾಲಿನ ಡ್ರೈವರ್‌ಗಳೇ ನನ್ನ ಜಿಟಿಎಕ್ಸ್ 770ಕ್ಕೆ ಕೊನೆಯವು. ಆ ತಿಂಗಳು ಬಂದ 496ರಿಂದ ಅದನ್ನು ಕೈಬಿಟ್ಟಿದ್ದರು.

ನನಗೆ ಆಗ ಅರ್ಥವಾಗದ ಒಂದು ವಿಷಯವಿತ್ತು. ಸ್ನೇಹಿತನ ಹತ್ತಿರ ಜಿಟಿಎಕ್ಸ್ 750 ಟಿಐ ಇತ್ತು. ನನ್ನದಕ್ಕಿಂತ ಚಿಕ್ಕ ಕಾರ್ಡ್, ಅದೇ 700ರ ಸರಣಿ. ಅವನಿಗೆ ಹೊಸ ಡ್ರೈವರ್ ಬರುತ್ತಲೇ ಇತ್ತು. ಕಾರಣ ಒಳಗಿನ ಚಿಪ್. 770ರಲ್ಲಿರುವುದು 2012ರಲ್ಲಿ ಬಂದ ಕೆಪ್ಲರ್ ವಿನ್ಯಾಸ, 750 ಟಿಐನಲ್ಲಿ ಮುಂದಿನ ಪೀಳಿಗೆಯ ಮ್ಯಾಕ್ಸ್‌ವೆಲ್. ತಯಾರಕರು ಬೆಂಬಲ ನಿಲ್ಲಿಸುವುದು ಚಿಪ್‌ನ ಪೀಳಿಗೆ ನೋಡಿ. ಡಬ್ಬಿಯ ಮೇಲಿನ ನಂಬರು ನೋಡಿ ಅಲ್ಲ, ನಾವು ಕೊಂಡ ದಿನ ನೋಡಿಯೂ ಅಲ್ಲ. ಮ್ಯಾಕ್ಸ್‌ವೆಲ್‌ಗೂ ಅದರ ನಂತರದ ಪಾಸ್ಕಲ್‌ಗೂ ಗೇಮ್‌ಗಳಿಗಾಗಿ ಬರುವ ಡ್ರೈವರ್ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. 2014ರ 750 ಟಿಐಗೆ ಹನ್ನೊಂದು ವರ್ಷ ದಾಟಿತು. 2013ರ ನನ್ನ 770ಕ್ಕೆ ಸಿಕ್ಕಿದ್ದು ಎಂಟು ವರ್ಷ ಚಿಲ್ಲರೆ.

ಆ ಮೇಲೂ ಭದ್ರತೆಯ ಅಪ್‌ಡೇಟ್ ಕೆಲವು ವರ್ಷ ಬರುತ್ತದೆ. ಕೆಪ್ಲರ್‌ಗೆ 2024ರ ಸೆಪ್ಟೆಂಬರ್‌ವರೆಗೆ ಎಂದಿದ್ದರು, ಪಾಸ್ಕಲ್‌ಗೆ 2028ರ ಅಕ್ಟೋಬರ್‌ವರೆಗೆ ಎಂದಿದ್ದಾರೆ. ಡ್ರೈವರ್‌ನ ನಂಬರು ಬದಲಾಗಿದ್ದನ್ನು ನೋಡಿ ಹೊಸ ಗೇಮ್‌ಗೂ ಏನಾದರೂ ಸರಿಯಾಗಿರಬಹುದು ಅಂದುಕೊಂಡಿದ್ದೆ. ಹಾಗೇನೂ ಇರುವುದಿಲ್ಲ. ಇವು ಭದ್ರತೆಯ ತೂತು ಮುಚ್ಚುವುದಕ್ಕೆ ಮಾತ್ರ.

ಹಾಗಾದರೆ ಹೊಸ ಗೇಮ್‌ಗಳ ಗತಿ? ಬೆಂಬಲ ನಿಂತ ಮರುದಿನ ನನ್ನ ಎಲ್ಲ ಗೇಮ್‌ಗಳೂ ಹಿಂದಿನ ದಿನದ ಹಾಗೆಯೇ ಓಡಿದವು. ಕೆಲವು ತಿಂಗಳ ನಂತರ ಕೊಂಡ ಎರಡು ಗೇಮ್‌ಗಳು ಕೈಕೊಟ್ಟವು. ಒಂದು ಶುರುವೇ ಆಗಲಿಲ್ಲ. ಇನ್ನೊಂದು ಶುರುವಾಗಿ, ಸ್ವಲ್ಪ ಹೊತ್ತು ಆಡಿದ ಮೇಲೆ ಮುಚ್ಚಿಹೋಗುತ್ತಿತ್ತು. ನಾನು ಎರಡಕ್ಕೂ ಡ್ರೈವರನ್ನೇ ಬೈದೆ. ಆದರೆ ಎರಡರ ಕಾರಣವೂ ಬೇರೆ ಬೇರೆ.

ಮೊದಲನೆಯದನ್ನು ಪತ್ತೆ ಮಾಡುವುದು ಸುಲಭ. ವಿಂಡೋಸ್‌ನಲ್ಲಿ ವಿನ್ ಮತ್ತು ಆರ್ ಕೀ ಒಟ್ಟಿಗೆ ಒತ್ತಿ ಇದನ್ನು ಟೈಪ್ ಮಾಡಿದೆ:

```
dxdiag
```

Display ಟ್ಯಾಬ್‌ನಲ್ಲಿ Feature Levels ಎಂಬ ಸಾಲಿದೆ. ಅಲ್ಲಿರುವ ದೊಡ್ಡ ಸಂಖ್ಯೆಯೇ ಕಾರ್ಡ್‌ನ ಮಿತಿ. ನನ್ನದು 11_0. ಗೇಮ್ ಕೇಳುತ್ತಿದ್ದದ್ದು 12_0. ಡೈರೆಕ್ಟ್‌ಎಕ್ಸ್ 12 ಇದೆ ಎಂದು ಅದೇ ಕಿಟಕಿಯಲ್ಲಿ ಬರೆದಿದ್ದರಿಂದ ನಾನು ಮೋಸ ಹೋಗಿದ್ದೆ. ಅದು ವಿಂಡೋಸ್‌ನ ಮಾತು, ಕಾರ್ಡ್‌ನದ್ದಲ್ಲ. ಚಿಪ್‌ನಲ್ಲೇ ಇಲ್ಲದ್ದನ್ನು ಯಾವ ಡ್ರೈವರೂ ತಂದುಕೊಡುವುದಿಲ್ಲ. ಬೆಂಬಲ ಮುಂದುವರಿದಿದ್ದರೂ ಆ ಗೇಮ್ ಓಡುತ್ತಿರಲಿಲ್ಲ.

ಎರಡನೆಯದಕ್ಕೆ ಈವೆಂಟ್ ವ್ಯೂವರ್ ತೆರೆದೆ. ಗೇಮ್ ಮುಚ್ಚಿದ ಹೊತ್ತಿಗೆ ಸರಿಯಾಗಿ nvlddmkm ಎಂಬ ಹೆಸರಿನ ದೋಷ ದಾಖಲಾಗಿತ್ತು. ಅದು ಎನ್ವಿಡಿಯಾ ಡ್ರೈವರ್‌ನ ಫೈಲ್. ಆದರೆ ಕಾರ್ಡ್ ಬಿಸಿಯಾದರೂ, ಕರೆಂಟು ಸಾಲದಿದ್ದರೂ ಇದೇ ಹೆಸರು ಬರುತ್ತದೆ. ಅದಕ್ಕೇ ಹಳೆಯ ಗೇಮ್ ಒಂದನ್ನು ಎರಡು ಗಂಟೆ ಓಡಿಸಿದೆ, ಏನೂ ಆಗಲಿಲ್ಲ. ಹಳೆಯ ಡ್ರೈವರನ್ನು ಪೂರ್ತಿ ತೆಗೆದು 470ರ ಸಾಲಿನ ಕೊನೆಯದನ್ನೇ ಮತ್ತೆ ಹಾಕಿದೆ. ಹೊಸ ಗೇಮ್ ಮಾತ್ರ ಅಲ್ಲೇ ಬಿತ್ತು. ಸೆಟ್ಟಿಂಗ್‌ನಲ್ಲಿ ಡೈರೆಕ್ಟ್‌ಎಕ್ಸ್ 11ಕ್ಕೆ ಬದಲಿಸಿದಾಗ ಬೀಳುವುದು ನಿಂತಿತು. ಹೀಗಾಗಿ ಡ್ರೈವರ್‌ಗೂ ಆ ಗೇಮ್‌ಗೂ ಹೊಂದಿಕೆ ಇಲ್ಲ ಎಂದು ಗಟ್ಟಿಯಾಯಿತು. ಬೆಂಬಲ ಇದ್ದಿದ್ದರೆ ಇಂಥದ್ದನ್ನೇ ಮುಂದಿನ ಡ್ರೈವರ್‌ನಲ್ಲಿ ಸರಿಪಡಿಸುತ್ತಿದ್ದರು. ನಿಂತ ಬೆಂಬಲದಿಂದ ಆಗುವ ನಿಜವಾದ ನಷ್ಟ ಇದು. ನನಗೆ ತುಂಬಾ ಬೇಸರವಾಗಿದ್ದೂ ಇದಕ್ಕೇ.

ಈಗ ನನ್ನ ಬಳಿ ಇರುವುದು ಪಾಸ್ಕಲ್‌ನ ಜಿಟಿಎಕ್ಸ್ 1060. ಇದರ Feature Levels ಸಾಲಿನಲ್ಲಿ 12_1 ಎಂದಿದೆ. 2024ರ ಡಿಸೆಂಬರ್‌ನಲ್ಲಿ ಇಂಡಿಯಾನಾ ಜೋನ್ಸ್ ಗೇಮ್ ಬಂದಾಗ ಈ ಕಾರ್ಡ್‌ಗೆ ಪೂರ್ತಿ ಬೆಂಬಲ ಇನ್ನೂ ಇತ್ತು. ಆದರೂ ಪ್ರಯೋಜನವಿಲ್ಲ, ಏಕೆಂದರೆ ಆ ಗೇಮ್‌ಗೆ ರೇ ಟ್ರೇಸಿಂಗ್ ಮಾಡುವ ಭಾಗ ಕಾರ್ಡ್‌ನಲ್ಲೇ ಇರಬೇಕು. ಹಾಗಾಗಿ ಈಗ ಗೇಮ್ ಕೊಳ್ಳುವ ಮೊದಲು ಅದಕ್ಕೆ ಏನೇನು ಬೇಕು ಎಂಬ ಪಟ್ಟಿಯಲ್ಲಿ ರೇ ಟ್ರೇಸಿಂಗ್ ಕಡ್ಡಾಯವೇ, ಡೈರೆಕ್ಟ್‌ಎಕ್ಸ್ 12 ಅಲ್ಟಿಮೇಟ್ ಬೇಕೇ ಎಂದು ಓದುತ್ತೇನೆ. ಅಲ್ಟಿಮೇಟ್ ಅಂದರೆ 12_2, ಅದು 1060ರಲ್ಲಿ ಇಲ್ಲ. ಇವೆರಡೂ ಬೇಡ ಎಂದಿದ್ದರೆ ಕೊಂಡು, ಹಣ ವಾಪಸ್ ಕೇಳುವ ಅವಧಿ ಮುಗಿಯುವ ಮೊದಲೇ ಒಂದೂವರೆ ಗಂಟೆ ಬಿಡದೆ ಆಡಿ ನೋಡುತ್ತೇನೆ.