ಫರ್ಮ್‌ವೇರ್ ಪಾಸ್‌ವರ್ಡ್ ತೆಗೆಸಲು ಐಟಿ ಮುಖ್ಯಸ್ಥರಿಗೆ ಪತ್ರ ಬರೆಯುವುದು ಹೇಗೆ?

ಹಾಸನದ ಕಾಲೇಜುಗಳ ಪ್ರಯೋಗಾಲಯಗಳಿಂದ ಐಟಿ ವಿಭಾಗಕ್ಕೆ ಹೋಗುವ ಪತ್ರಗಳಲ್ಲಿ ‘ಲ್ಯಾಪ್‌ಟಾಪ್ ಪಾಸ್‌ವರ್ಡ್ ಗೊತ್ತಿಲ್ಲ, ಸರಿಪಡಿಸಿಕೊಡಿ’ ಎಂಬ ಒಂದೇ ಸಾಲು ಇರುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಐಟಿಯವರು ಅದನ್ನು ವಿಂಡೋಸ್ ಪಾಸ್‌ವರ್ಡ್ ಎಂದು ತಿಳಿದು ಬದಲಿಸಿ ಕಳುಹಿಸುತ್ತಾರೆ. ವಿಂಡೋಸ್‌ಗಿಂತ ಮೊದಲೇ ನಡೆಯುವ ಫರ್ಮ್‌ವೇರ್ ಆದ ಬಯೋಸ್‌ನ ಬೀಗ ಹಾಗೆಯೇ ಉಳಿಯುತ್ತದೆ, ಪ್ರಾಯೋಗಿಕ ಪರೀಕ್ಷೆ ಹತ್ತಿರವಾಗುತ್ತದೆ.

ಆದ್ದರಿಂದ ಪತ್ರಕ್ಕೆ ಮೊದಲು ಮಾಡಬೇಕಾದ ಕೆಲಸವೆಂದರೆ ಬೀಗ ಯಾವುದೆಂದು ಗುರುತಿಸುವುದು. ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಆನ್ ಮಾಡಿ ನೋಡಿರಿ. ವಿಂಡೋಸ್ ಎಂದಿನಂತೆ ತೆರೆದುಕೊಂಡು, ಆನ್ ಮಾಡಿದೊಡನೆ F2 ಅಥವಾ F10 ಒತ್ತಿ ಬಯೋಸ್ ಸೆಟಪ್‌ಗೆ ಹೋಗುವಾಗ ಮಾತ್ರ ಪಾಸ್‌ವರ್ಡ್ ಕೇಳಿದರೆ ಅದು ಸೆಟಪ್ ಪಾಸ್‌ವರ್ಡ್. ಕೆಲವು ಕಂಪನಿಗಳು ಇದನ್ನೇ ಅಡ್ಮಿನಿಸ್ಟ್ರೇಟರ್ ಅಥವಾ ಸೂಪರ್‌ವೈಸರ್ ಪಾಸ್‌ವರ್ಡ್ ಎನ್ನುತ್ತವೆ. ಆನ್ ಮಾಡಿದ ಕೂಡಲೇ, ವಿಂಡೋಸ್ ಕಾಣಿಸುವ ಮೊದಲೇ ಕೇಳಿದರೆ ಅದು ಪವರ್-ಆನ್ ಪಾಸ್‌ವರ್ಡ್ ಇರಬಹುದು, ಹಾರ್ಡ್ ಡಿಸ್ಕ್ ಪಾಸ್‌ವರ್ಡೂ ಇರಬಹುದು. ಈ ಎರಡರ ನಡುವಿನ ವ್ಯತ್ಯಾಸ ಬಹಳ ಮುಖ್ಯ, ಏಕೆಂದರೆ ಡಿಸ್ಕ್ ಪಾಸ್‌ವರ್ಡ್ ಮರೆತರೆ ಸಾಮಾನ್ಯವಾಗಿ ಅದರಲ್ಲಿರುವ ಕಡತಗಳು ಸಿಗುವುದಿಲ್ಲ, ಡಿಸ್ಕನ್ನೇ ಬದಲಿಸಬೇಕಾಗುತ್ತದೆ. ಪರದೆಯ ಮೇಲೆ ಮೂಡಿದ ಸಾಲನ್ನು ಅಕ್ಷರ ಬಿಡದೆ ಬರೆದುಕೊಳ್ಳಿ, ಮೊಬೈಲ್‌ನಲ್ಲಿ ಚಿತ್ರವನ್ನೂ ತೆಗೆಯಿರಿ. ಡೆಲ್ ಯಂತ್ರಗಳಲ್ಲಿ ಏಳು ಅಕ್ಷರಗಳ ಸರ್ವಿಸ್ ಟ್ಯಾಗ್‌ನ ಮುಂದೆ ಅಡ್ಡಗೆರೆ ಹಾಕಿ ಇನ್ನೂ ನಾಲ್ಕು ಅಕ್ಷರಗಳು ಕಾಣಿಸಬಹುದು, ಅವೂ ಬೇಕು. ಊಹಿಸಿ ಊಹಿಸಿ ಪಾಸ್‌ವರ್ಡ್ ಹಾಕಬೇಡಿ, ಕೆಲವು ತಪ್ಪು ಪ್ರಯತ್ನಗಳ ನಂತರ ಯಂತ್ರವೇ ನಿಂತುಬಿಡುತ್ತದೆ.

ಮುಂದಿನದು ಸೀರಿಯಲ್ ಸಂಖ್ಯೆ. ವಿಂಡೋಸ್ ತೆರೆಯುತ್ತಿದ್ದರೆ ಪವರ್‌ಶೆಲ್‌ನಲ್ಲಿ ಹೀಗೆ ಪಡೆಯಬಹುದು:

```
Get-CimInstance Win32_BIOS | Select-Object SerialNumber
```

ಇದನ್ನು ತಳಭಾಗದ ಚೀಟಿಯೊಂದಿಗೆ ಹೋಲಿಸಿರಿ. ಹಿಂದೆ ಮದರ್‌ಬೋರ್ಡ್ ಬದಲಾಗಿದ್ದರೆ ಎರಡೂ ಬೇರೆಯಾಗಿರುವ ಸಾಧ್ಯತೆ ಇದೆ. ಆಗ ಎರಡನ್ನೂ ಬರೆಯಬೇಕು. ಇಲ್ಲವಾದರೆ ಖರೀದಿ ಬಿಲ್ಲಿನ ಸಂಖ್ಯೆ ತಾಳೆಯಾಗದೆ, ಬೀಗ ತೆಗೆಯಲು ಐಟಿಯವರು ಕಳುಹಿಸುವ ಅರ್ಜಿಯನ್ನು ಲ್ಯಾಪ್‌ಟಾಪ್ ಕಂಪನಿಯವರು ಹಿಂತಿರುಗಿಸಬಹುದು.

ಇನ್ನು ಪತ್ರ. ಎಲೆಕ್ಟ್ರಾನಿಕ್ಸ್ ವಿಭಾಗದ ನಾಲ್ಕು ಲ್ಯಾಪ್‌ಟಾಪ್‌ಗಳನ್ನು ಪೆನ್‌ಡ್ರೈವ್‌ನಿಂದ ಲಿನಕ್ಸ್‌ನಲ್ಲಿ ನಡೆಸಬೇಕಾಗಿದೆ, ಸೆಟಪ್ ಪಾಸ್‌ವರ್ಡ್ ಇಟ್ಟಿದ್ದವರು ವರ್ಗವಾಗಿದ್ದಾರೆ ಎಂದುಕೊಳ್ಳೋಣ. ನಾನಾದರೆ ಹೀಗೆ ಬರೆಯುತ್ತೇನೆ:

‘ವಿಷಯ: ನಾಲ್ಕು ಲ್ಯಾಪ್‌ಟಾಪ್‌ಗಳ ಬಯೋಸ್ ಸೆಟಪ್ ಪಾಸ್‌ವರ್ಡ್ ತೆಗೆಸಿಕೊಡುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಅನುಬಂಧದಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸರಿಯಾಗಿ ತೆರೆಯುತ್ತಿದ್ದು, F2 ಒತ್ತಿದಾಗ ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ವಿಭಾಗದ ದಾಖಲೆಗಳಲ್ಲಿ ದೊರೆತಿಲ್ಲ. ಬೂಟ್ ಕ್ರಮ ಬದಲಿಸದೆ ಪ್ರಯೋಗಗಳನ್ನು ನಡೆಸಲು ಸಾಧ್ಯವಾಗುತ್ತಿಲ್ಲ. ಆದ್ದರಿಂದ ಹಳೆಯ ಪಾಸ್‌ವರ್ಡನ್ನು ತೆಗೆಸಿ, ತಮ್ಮ ವಿಭಾಗದಿಂದಲೇ ಹೊಸದನ್ನು ಇಟ್ಟು ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ.’

ಅನುಬಂಧದಲ್ಲಿ ಮಾದರಿ, ಸೀರಿಯಲ್ ಸಂಖ್ಯೆ, ಸ್ಟಾಕ್ ರಿಜಿಸ್ಟರ್‌ನ ಪುಟ ಹಾಗೂ ಪರದೆಯ ಸಂದೇಶ ಇರಲಿ. ಬಿಲ್ಲಿನ ಪ್ರತಿಯನ್ನು ಕಡ್ಡಾಯವಾಗಿ ಲಗತ್ತಿಸಿರಿ; ಕಂಪನಿಗಳು ಮಾಲೀಕತ್ವದ ಪುರಾವೆ ಕೇಳುತ್ತವೆ. ಪತ್ರ ವಿಭಾಗ ಮುಖ್ಯಸ್ಥರ ಸಹಿಯೊಂದಿಗೆ ಅವರ ಮೂಲಕವೇ ಹೋಗಬೇಕು, ಟಪಾಲಿನಲ್ಲಿ ಸ್ವೀಕೃತಿ ಪಡೆಯಬೇಕು. ಹೊಸ ಪಾಸ್‌ವರ್ಡನ್ನು ಯಾವ ಪತ್ರದಲ್ಲಿಯೂ ಬರೆಯಬಾರದು.

ಇದರ ನಡುವೆ ‘ಮದರ್‌ಬೋರ್ಡ್‌ನ ಸೆಲ್ ತೆಗೆದಿಟ್ಟರೆ ಸಾಕು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ವಿದ್ಯುತ್ ಇಲ್ಲದಿದ್ದರೂ ಅಳಿಯದ ಚಿಪ್‌ನಲ್ಲಿರುತ್ತದೆ. ಕೋಡ್ ಹಾಕಿದರೆ ಪಾಸ್‌ವರ್ಡ್ ಕೊಡುತ್ತೇವೆನ್ನುವ ಜಾಲತಾಣಗಳು, ಹೆಸರಿಲ್ಲದ ಅನ್‌ಲಾಕ್ ತಂತ್ರಾಂಶಗಳು ಕಾಲೇಜಿನ ಯಂತ್ರಗಳ ಹತ್ತಿರವೂ ಸುಳಿಯಬಾರದು.

ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಇದ್ದರೆ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿರಿ. ಅದರ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡ್ ಬದಲಿಸಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಆದ್ದರಿಂದ ವೆಚ್ಚಕ್ಕೆ ಪ್ರಾಂಶುಪಾಲರ ಮಂಜೂರಾತಿಯನ್ನೂ ಒಟ್ಟಿಗೇ ಕೋರುವುದು ಒಳ್ಳೆಯದು.

ಯಂತ್ರಗಳನ್ನು ಒಪ್ಪಿಸುವ ಮೊದಲು ಕಡತಗಳ ಪ್ರತಿ ತೆಗೆದಿಡಿ, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇದೆಯೇ ಎಂದು ಅಡ್ಮಿನ್ ಆಗಿ ಪರೀಕ್ಷಿಸಿರಿ:

```
manage-bde -protectors -get C:
```

ಬಿಟ್‌ಲಾಕರ್ ಇದ್ದಾಗ ಬೋರ್ಡ್ ಅಥವಾ ಬಯೋಸ್‌ನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾದರೆ ವಿಂಡೋಸ್ 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಮೇಲಿನ ಆಜ್ಞೆ ತೋರಿಸುವ ಆ ಕೀಯನ್ನು ಬರೆದುಕೊಂಡು ಪ್ರತ್ಯೇಕ ಲಕೋಟೆಯಲ್ಲಿ ಮುಚ್ಚಿ ವಿಭಾಗ ಮುಖ್ಯಸ್ಥರ ಬಳಿ ಇಡಿ. ಯಂತ್ರ ಮರಳಿದಾಗ ಐಟಿಯವರ ಎದುರಿನಲ್ಲಿಯೇ F2 ಒತ್ತಿಸಿ, ಹೊಸ ಪಾಸ್‌ವರ್ಡನ್ನು ಅವರಿಂದಲೇ ಹಾಕಿಸಿ, ಸೆಟಪ್ ತೆರೆದ ಮೇಲಷ್ಟೇ ರಿಜಿಸ್ಟರ್‌ನಲ್ಲಿ ಸಹಿ ಹಾಕಿರಿ.