ಚಾಲ್ತಿ ಖಾತೆ ಕೇಳಿ ಬ್ಯಾಂಕಿಗೆ ನಾನು ಬರೆದ ಪತ್ರ

ಧಾರವಾಡದಲ್ಲಿ ಮನೆ, ಸಣ್ಣ ವಾಣಿಜ್ಯ ಕಟ್ಟಡಗಳಿಗೆ ಸ್ಟ್ರಕ್ಚರಲ್ ವಿನ್ಯಾಸ ಮಾಡಿಕೊಡುವುದು ನನ್ನ ವೃತ್ತಿ. ಪಾಯ ಎಷ್ಟು ಆಳವಿರಬೇಕು, ಕಾಲಂ ಎಲ್ಲಿ ಬರಬೇಕು, ಸ್ಲ್ಯಾಬಿಗೆ ಯಾವ ಗಾತ್ರದ ಸರಳು ಎಷ್ಟು ಅಂತರದಲ್ಲಿರಬೇಕು ಎಂದು ಲೆಕ್ಕ ಹಾಕಿ ನಕ್ಷೆ ಕೊಡುತ್ತೇನೆ. ಯಾವ ಸಂಸ್ಥೆಯಲ್ಲೂ ನೌಕರಿಯಲ್ಲಿಲ್ಲ. ವಾಸ್ತುಶಿಲ್ಪಿಗಳು, ಗುತ್ತಿಗೆದಾರರು, ಮನೆ ಕಟ್ಟಿಸುವವರು ಕೊಡುವ ಶುಲ್ಕವೇ ನನ್ನ ಆದಾಯ. ಈ ಹಣವೆಲ್ಲ ಮೊದಲು ಉಳಿತಾಯ ಖಾತೆಗೇ ಬರುತ್ತಿತ್ತು. ಮನೆಯ ರೇಷನ್, ಮಗಳ ಶಾಲೆಯ ಶುಲ್ಕ, ಗುತ್ತಿಗೆದಾರರ ಪಾವತಿ ಎಲ್ಲವೂ ಒಂದೇ ಪಾಸ್‌ಬುಕ್ಕಿನಲ್ಲಿ ಬೆರೆತಿದ್ದರಿಂದ ತೆರಿಗೆಯ ಲೆಕ್ಕಕ್ಕೆ ಕೂತಾಗ ಯಾವುದು ಏನೆಂದು ಬಿಡಿಸುವುದೇ ದೊಡ್ಡ ಕೆಲಸವಾಗುತ್ತಿತ್ತು. ಅಲ್ಲದೆ ಉಳಿತಾಯ ಖಾತೆ ಇರುವುದು ವ್ಯಾಪಾರ ವ್ಯವಹಾರಕ್ಕಲ್ಲ. ಮೇಲಿಂದ ಮೇಲೆ ಬೇರೆ ಬೇರೆಯವರಿಂದ ಜಮೆಯಾಗುತ್ತಿದ್ದರೆ ಬ್ಯಾಂಕು ಪ್ರಶ್ನೆ ಕೇಳುವುದು ಸಹಜ.

ವ್ಯಾಪಾರ, ವೃತ್ತಿಯ ವ್ಯವಹಾರಕ್ಕೆಂದೇ ಇರುವ ಚಾಲ್ತಿ ಖಾತೆ ಬೇಕೆಂದು ಶಾಖೆಯಲ್ಲಿ ಬಾಯಿಮಾತಿನಲ್ಲಿ ಕೇಳಿದಾಗ ಬಂದ ಉತ್ತರ, ‘ಅಂಗಡಿ ಲೈಸೆನ್ಸ್ ಇದೆಯೇ? ಜಿಎಸ್‌ಟಿ ನಂಬರ್ ಇದೆಯೇ? ಇಲ್ಲದಿದ್ದರೆ ಆಗುವುದಿಲ್ಲ ಸರ್’ ಎಂದಾಗಿತ್ತು. ಹಾಗೆ ಹೇಳಿದ ಸಿಬ್ಬಂದಿಯದು ಕೆಟ್ಟ ಉದ್ದೇಶವಲ್ಲ. ಅವರೆದುರು ಬರುವ ಚಾಲ್ತಿ ಖಾತೆಗಳಲ್ಲಿ ಹೆಚ್ಚಿನವು ಅಂಗಡಿಕಾರರವು. ಆದರೆ ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಹೇಳುವುದು ಬೇರೆ. ಏಕಮಾಲೀಕ ಉದ್ಯಮದ ಖಾತೆಗೆ ಮಾಲೀಕರ ಗುರುತಿನ ದಾಖಲೆಗಳ ಜೊತೆಗೆ, ಅವರು ಆ ಕೆಲಸ ಮಾಡುತ್ತಿದ್ದಾರೆ ಎಂಬುದಕ್ಕೆ ಒಂದು ಪಟ್ಟಿಯೊಳಗಿನ ಯಾವುದಾದರೂ ಎರಡು ಪುರಾವೆ ಸಾಕು. ಅಂಗಡಿ ಪರವಾನಗಿಯೂ ಜಿಎಸ್‌ಟಿ ಪ್ರಮಾಣಪತ್ರವೂ ಆ ಪಟ್ಟಿಯಲ್ಲಿವೆ. ಅವುಗಳ ಜೊತೆಗೇ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ, ವೃತ್ತಿ ತೆರಿಗೆ ಇಲಾಖೆಯ ಪ್ರಮಾಣಪತ್ರ, ಪೂರ್ಣ ಆದಾಯ ತೆರಿಗೆ ರಿಟರ್ನ್ ಕೂಡ ಇವೆ. ಎರಡು ಪುರಾವೆ ಒದಗಿಸಲು ಸಾಧ್ಯವೇ ಇಲ್ಲವೆಂದು ಮನವರಿಕೆಯಾದರೆ, ಸ್ಥಳ ಪರಿಶೀಲನೆ ಮಾಡಿ ಒಂದನ್ನೇ ಒಪ್ಪಿಕೊಳ್ಳುವ ವಿವೇಚನೆಯೂ ಬ್ಯಾಂಕಿಗಿದೆ.

ಇದನ್ನು ಕೌಂಟರಿನಲ್ಲಿ ನಿಂತು ವಾದಿಸುವುದಕ್ಕಿಂತ ಬರೆದು ಕೊಡುವುದು ಲೇಸು. ಅದಕ್ಕೆ ಕಾರಣವಿದೆ. ಅನೇಕ ಬ್ಯಾಂಕುಗಳಲ್ಲಿ ಅರ್ಜಿಯನ್ನು ಶಾಖೆ ಪಡೆದುಕೊಂಡರೂ ಖಾತೆ ತೆರೆಯುವುದು ಬೇರೆ ಊರಿನಲ್ಲಿರುವ ಕೇಂದ್ರ ಘಟಕ. ಅಲ್ಲಿ ಕುಳಿತವರು ನಮ್ಮ ಮುಖ ನೋಡಿರುವುದಿಲ್ಲ, ನಾವು ಮ್ಯಾನೇಜರಿಗೆ ಹೇಳಿದ್ದನ್ನು ಕೇಳಿರುವುದಿಲ್ಲ. ಕಾಗದಗಳಲ್ಲಿ ಒಂದಕ್ಕೊಂದು ಹೊಂದದ್ದು ಕಂಡರೆ ಅರ್ಜಿಯನ್ನು ಹಿಂದಕ್ಕೆ ಕಳಿಸುತ್ತಾರೆ. ಆದ್ದರಿಂದ ಅವರಿಗೆ ಎಲ್ಲೆಲ್ಲಿ ಅನುಮಾನ ಬರಬಹುದು ಎಂದು ಯೋಚಿಸಿ, ಅದಕ್ಕೆಲ್ಲ ಮೊದಲೇ ಉತ್ತರ ಇರುವಂತೆ ಪತ್ರವನ್ನು ಬರೆದೆ.

ಬರೆಯುವ ಮುನ್ನ ತೀರ್ಮಾನಿಸಬೇಕಾದದ್ದು ಖಾತೆ ಯಾರ ಹೆಸರಿನಲ್ಲಿರಬೇಕು ಎಂಬುದು. ‘ಕನ್ಸಲ್ಟೆಂಟ್ಸ್’ ಎಂದು ಕೊನೆಗೊಳ್ಳುವ ಒಂದು ಚೆಂದದ ಹೆಸರು ಇಟ್ಟುಕೊಳ್ಳಿ ಎಂದು ಸ್ನೇಹಿತರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಗುತ್ತಿಗೆ ಕಂಪನಿಗಳು ನನ್ನ ಶುಲ್ಕದಲ್ಲಿ ಟಿಡಿಎಸ್ ಕಡಿತ ಮಾಡುವುದು ನನ್ನ ಪ್ಯಾನ್ ಸಂಖ್ಯೆಗೆ, ಚೆಕ್ ಬರೆಯುವುದೂ ಪ್ಯಾನ್‌ನಲ್ಲಿರುವ ನನ್ನ ಹೆಸರಿಗೇ. ಖಾತೆ ಬೇರೆ ಹೆಸರಿನಲ್ಲಿದ್ದರೆ ನನ್ನ ಹೆಸರಿನ ಚೆಕ್ಕನ್ನು ಅದಕ್ಕೆ ಜಮೆ ಮಾಡಲು ತಕರಾರು ಬರುತ್ತದೆ. ಜೊತೆಗೆ ಎರಡೂ ಪುರಾವೆಗಳು ಆ ಹೊಸ ಹೆಸರಿನಲ್ಲೇ ಇರಬೇಕಾಗುತ್ತದೆ. ಉದ್ಯಮ್ ನೋಂದಣಿಯಲ್ಲಿ ಉದ್ಯಮದ ಹೆಸರು ಎಂಬಲ್ಲಿ ನಮ್ಮ ಸ್ವಂತ ಹೆಸರನ್ನೇ ತುಂಬಬಹುದು. ಪ್ಯಾನ್‌ನಲ್ಲಿ ಇನಿಷಿಯಲ್ ಎಲ್ಲಿದೆಯೋ ಅಲ್ಲೇ ಇಟ್ಟು, ಅಕ್ಷರ ಅಕ್ಷರ ನೋಡಿಕೊಂಡು ತುಂಬಿದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ udyamregistration.gov.in ತಾಣದಲ್ಲಿ ಶುಲ್ಕವಿಲ್ಲ. ಅದೇ ತರಹ ಕಾಣುವ ಖಾಸಗಿ ತಾಣಗಳು ಹಣ ಕೇಳುತ್ತವೆ, ಅಲ್ಲಿಗೆ ಹೋಗಬೇಡಿ. ಎರಡನೆಯ ಪುರಾವೆಯಾಗಿ ಕರ್ನಾಟಕ ವೃತ್ತಿ ತೆರಿಗೆಯ ದಾಖಲಾತಿ ಪ್ರಮಾಣಪತ್ರ ನನ್ನ ಬಳಿ ಇತ್ತು. ಹೆಸ್ಕಾಂ ವಿದ್ಯುತ್ ಬಿಲ್ ಮನೆ ಮಾಲೀಕರ ಹೆಸರಿನಲ್ಲಿರುವುದರಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಧಾರ್‌ನಲ್ಲಿದ್ದ ಊರಿನ ವಿಳಾಸವನ್ನು ಬಾಡಿಗೆ ಕರಾರಿನ ಆಧಾರದ ಮೇಲೆ ಮೊದಲೇ ಬದಲಿಸಿಕೊಂಡಿದ್ದೆ.

ಕೊಟ್ಟ ಪತ್ರ ಹೀಗಿತ್ತು. ಗುರುತಿನ ವಿವರಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ.

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಧಾರವಾಡ ಶಾಖೆ.

ಮಾನ್ಯರೇ,

ವಿಷಯ: ವೃತ್ತಿ ಆದಾಯಕ್ಕಾಗಿ ನನ್ನ ಸ್ವಂತ ಹೆಸರಿನಲ್ಲಿ, ಏಕಮಾಲೀಕನಾಗಿ ಚಾಲ್ತಿ ಖಾತೆ ತೆರೆಯುವ ಕುರಿತು.

ನಾನು ಸಿವಿಲ್ ಎಂಜಿನಿಯರಿಂಗ್ ಪದವೀಧರನಾಗಿದ್ದು, ಸ್ವತಂತ್ರವಾಗಿ ಕಟ್ಟಡಗಳ ಸ್ಟ್ರಕ್ಚರಲ್ ವಿನ್ಯಾಸದ ವೃತ್ತಿ ನಡೆಸುತ್ತಿದ್ದೇನೆ. ತಮ್ಮ ಶಾಖೆಯಲ್ಲಿ ನನ್ನ ಉಳಿತಾಯ ಖಾತೆ ಇದೆ. ವೃತ್ತಿಯ ಜಮೆ ಮತ್ತು ಖರ್ಚುಗಳನ್ನು ಅದರಿಂದ ಬೇರ್ಪಡಿಸಲು ಚಾಲ್ತಿ ಖಾತೆ ಬೇಕಾಗಿದೆ. ನನಗೆ ಬೇರೆ ವ್ಯಾಪಾರನಾಮ ಇಲ್ಲ. ಬಿಲ್, ಪ್ಯಾನ್, ಉದ್ಯಮ್ ನೋಂದಣಿ ಎಲ್ಲವೂ ನನ್ನ ಹೆಸರಿನಲ್ಲೇ ಇವೆ.

ಕಳೆದ ಹಣಕಾಸು ವರ್ಷದಲ್ಲಿ ನನ್ನ ಒಟ್ಟು ವೃತ್ತಿ ಸಂದಾಯ ಸುಮಾರು 9 ಲಕ್ಷ ರೂಪಾಯಿ. ವಾಸ್ತುಶಿಲ್ಪಿಗಳು, ಗುತ್ತಿಗೆದಾರರು ಮತ್ತು ಮನೆ ಕಟ್ಟಿಸುವವರು ಇದನ್ನು ಚೆಕ್, ನೆಫ್ಟ್ ಮತ್ತು ಯುಪಿಐ ಮೂಲಕ ಕೊಡುತ್ತಾರೆ. ಒಂದೊಂದು ಜಮೆ ಸಾಮಾನ್ಯವಾಗಿ 10 ಸಾವಿರದಿಂದ 60 ಸಾವಿರ ರೂಪಾಯಿ ಇರುತ್ತದೆ. ಮಳೆಗಾಲದಲ್ಲಿ ಜಮೆ ಕಡಿಮೆ, ದೀಪಾವಳಿಯ ನಂತರ ಹೆಚ್ಚು. ನಗದು ಜಮೆ ವರ್ಷಕ್ಕೆ 30 ಸಾವಿರ ರೂಪಾಯಿ ಮೀರುವ ನಿರೀಕ್ಷೆ ಇಲ್ಲ. ವಿದೇಶದಿಂದ ಹಣ ಬರುವುದಿಲ್ಲ.

ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಡಿ ರಿಟರ್ನ್ ಸಲ್ಲಿಸಿರುವುದರಿಂದ ಒಟ್ಟು ಸಂದಾಯದ ಅರ್ಧ ಭಾಗ ಮಾತ್ರ ಅದರಲ್ಲಿ ಆದಾಯವಾಗಿ ಕಾಣುತ್ತದೆ. ಒಟ್ಟು ಸಂದಾಯವನ್ನು ಲಗತ್ತಿಸಿದ ಪೂರ್ಣ ರಿಟರ್ನ್‌ನಲ್ಲಿ ನೋಡಬಹುದು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಿಂತ ಕಡಿಮೆ ಇರುವುದರಿಂದ ಜಿಎಸ್‌ಟಿ ನೋಂದಣಿ ಪಡೆದಿಲ್ಲ.

ನನಗೆ ಯಾವ ಬ್ಯಾಂಕಿನಲ್ಲೂ ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಸೌಲಭ್ಯ ಇಲ್ಲ. ಒಂದು ದ್ವಿಚಕ್ರ ವಾಹನ ಸಾಲ ಮಾತ್ರ ಇದೆ. ಬೇರೆ ಚಾಲ್ತಿ ಖಾತೆಯೂ ಇಲ್ಲ.

ಮನೆಯ ಒಂದು ಕೋಣೆಯಲ್ಲಿ ಕೆಲಸ ಮಾಡುತ್ತೇನೆ, ಪ್ರತ್ಯೇಕ ಕಚೇರಿ ಇಲ್ಲ. ತಮ್ಮ ಸಿಬ್ಬಂದಿ ಯಾವುದೇ ಕೆಲಸದ ದಿನ ಮಧ್ಯಾಹ್ನ 3 ಗಂಟೆಯ ನಂತರ ಪರಿಶೀಲನೆಗೆ ಬರಬಹುದು.

ವೃತ್ತಿ ಚಟುವಟಿಕೆಯ ಪುರಾವೆಯಾಗಿ ಉದ್ಯಮ್ ನೋಂದಣಿ ಪ್ರಮಾಣಪತ್ರ ಮತ್ತು ವೃತ್ತಿ ತೆರಿಗೆ ದಾಖಲಾತಿ ಪ್ರಮಾಣಪತ್ರಗಳನ್ನು, ಇವುಗಳ ಜೊತೆಗೆ ಪ್ಯಾನ್, ಆಧಾರ್, ಪೂರ್ಣ ಐಟಿಆರ್-4 ಮತ್ತು ಬಾಡಿಗೆ ಕರಾರಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ಕನಿಷ್ಠ ಶಿಲ್ಕು ಅತ್ಯಂತ ಕಡಿಮೆ ಇರುವ ಚಾಲ್ತಿ ಖಾತೆಯನ್ನು ತೆರೆದುಕೊಡಬೇಕೆಂದೂ, ಇನ್ನಾವುದಾದರೂ ದಾಖಲೆ ಅಗತ್ಯವಿದ್ದರೆ ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಇದರಲ್ಲಿ ಎರಡು ವಾಕ್ಯವೃಂದಗಳನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಸಾಮಾನ್ಯ ಮಾದರಿ ಪತ್ರಗಳಲ್ಲಿ ಅವು ಇರುವುದಿಲ್ಲ.

ಮೊದಲನೆಯದು ರಿಟರ್ನಿನ ವಿಷಯ. ಎಂಜಿನಿಯರಿಂಗ್, ವಕೀಲಿ, ವೈದ್ಯಕೀಯ, ವಾಸ್ತುಶಿಲ್ಪದಂತಹ ಗೊತ್ತುಪಡಿಸಿದ ವೃತ್ತಿಗಳವರು 44ಎಡಿಎ ಅಡಿ ಒಟ್ಟು ಸಂದಾಯದ ಕನಿಷ್ಠ ಶೇಕಡಾ 50ನ್ನು ಆದಾಯವೆಂದು ತೋರಿಸಿ, ವಿವರವಾದ ಲೆಕ್ಕಪುಸ್ತಕ ಇಡದೆ ತೆರಿಗೆ ಕಟ್ಟಬಹುದಿತ್ತು. ನನ್ನ 9 ಲಕ್ಷ ಅಲ್ಲಿ ನಾಲ್ಕೂವರೆ ಲಕ್ಷವಾಗಿ ಕಾಣುತ್ತದೆ. ರಿಟರ್ನ್ ಸಲ್ಲಿಸಿದಾಗ ಸಿಗುವ ಒಂದು ಪುಟದ ಸ್ವೀಕೃತಿಯಲ್ಲಿ ಇರುವುದು ಈ ನಾಲ್ಕೂವರೆ ಲಕ್ಷ ಮಾತ್ರ. ಅರ್ಜಿ ನಮೂನೆಯ ‘ವಾರ್ಷಿಕ ವಹಿವಾಟು’ ಅಂಕಣದಲ್ಲಿ 9 ಲಕ್ಷ ಎಂದು ಬರೆದು ಸ್ವೀಕೃತಿಯನ್ನಷ್ಟೇ ಲಗತ್ತಿಸಿದರೆ ಕೇಂದ್ರ ಘಟಕದವರ ಕಣ್ಣಿಗೆ ಅದು ಸುಳ್ಳು ಲೆಕ್ಕದಂತೆ ತೋರುತ್ತದೆ. ಪೂರ್ಣ ರಿಟರ್ನಿನಲ್ಲಿ ಎರಡೂ ಸಂಖ್ಯೆಗಳು ಒಂದೇ ಭಾಗದಲ್ಲಿ ಹತ್ತಿರ ಹತ್ತಿರವೇ ಇರುತ್ತವೆ. ಆ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟೆ. ರಿಸರ್ವ್ ಬ್ಯಾಂಕಿನ ಪಟ್ಟಿ ಕೇಳುವುದೂ ಪೂರ್ಣ ರಿಟರ್ನನ್ನೇ, ಬರಿಯ ಸ್ವೀಕೃತಿಯನ್ನಲ್ಲ.

ಎರಡನೆಯದು ಸಾಲದ ವಿಷಯ. 2020ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ನಂತರ, ಒಂದು ಕಡೆ ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಪಡೆದವರಿಗೆ ಇನ್ನೊಂದು ಕಡೆ ಚಾಲ್ತಿ ಖಾತೆ ತೆರೆಯಲು ಬ್ಯಾಂಕುಗಳ ಮೇಲೆ ನಿರ್ಬಂಧಗಳು ಬಂದವು. ಸಾಲ ಕೊಟ್ಟ ಬ್ಯಾಂಕಿನ ಕಣ್ಣು ತಪ್ಪಿಸಿ ಹಣ ಬೇರೆ ಖಾತೆಗೆ ಹರಿಯಬಾರದು ಎಂಬುದು ಅದರ ಉದ್ದೇಶ. ನಿಯಮಗಳು ಆಮೇಲೆ ಸಡಿಲವಾದರೂ ಬ್ಯಾಂಕು ನಮ್ಮ ಸಾಲದ ದಾಖಲೆ ನೋಡಿ ಘೋಷಣೆ ಕೇಳುವುದು ನಿಂತಿಲ್ಲ. ನನ್ನಂಥವರಿಗೆ ಆ ನಿರ್ಬಂಧ ತಟ್ಟುವುದಿಲ್ಲ. ಆದರೂ ವಾಹನ ಸಾಲವನ್ನು ನಾನೇ ಹೇಳಿಬಿಟ್ಟರೆ ಅದು ಕ್ರೆಡಿಟ್ ವರದಿಯಲ್ಲಿ ಅನಿರೀಕ್ಷಿತವಾಗಿ ಎದುರಾಗುವುದಿಲ್ಲ.

ಪತ್ರದ ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಂಡೆ. ವ್ಯವಸ್ಥಾಪಕರು ಓದಿ, ‘ಕೇಂದ್ರ ಘಟಕದವರಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಪ್ರತಿಯನ್ನೂ ಕೊಡಿ’ ಎಂದರು. ಕೊಟ್ಟೆ. ಎರಡರಲ್ಲೂ ಸಂಖ್ಯೆಗಳು ಒಂದೇ ಇವೆಯೇ ಎಂದು ನೋಡಿಕೊಳ್ಳುವುದು ಮುಖ್ಯ. ನಂತರ ಪರಿಶೀಲನೆಗೆ ಬಂದ ಅಧಿಕಾರಿ ಕೆಲಸದ ಮೇಜು, ಕಂಪ್ಯೂಟರಿನಲ್ಲಿದ್ದ ಒಂದು ನಕ್ಷೆ, ಗೇಟಿನ ಹೆಸರಿನ ಫಲಕಗಳ ಫೋಟೋ ತೆಗೆದುಕೊಂಡರು. ಪಕ್ಕದ ಮನೆಯವರನ್ನು, ‘ಇವರು ಏನು ಕೆಲಸ ಮಾಡುತ್ತಾರೆ?’ ಎಂದು ಕೇಳಿದರು. ಫಲಕದಲ್ಲಿ ಹೆಸರಿನ ಕೆಳಗೆ ‘ಸ್ಟ್ರಕ್ಚರಲ್ ಎಂಜಿನಿಯರ್’ ಎಂದಿದ್ದದ್ದು ಅವರಿಗೆ ಅನುಕೂಲವಾಯಿತು. ಮನೆಯಿಂದ ಕೆಲಸ ಮಾಡುವವರು ಇಂಥ ಒಂದು ಸಣ್ಣ ಫಲಕ ಹಾಕಿಸಿಕೊಳ್ಳುವುದು ಒಳ್ಳೆಯದು.

ಖಾತೆ ತೆರೆಯಿತು. ಅದರಿಂದಾಗುವ ಖರ್ಚನ್ನೂ ಹೇಳಬೇಕು. ಚಾಲ್ತಿ ಖಾತೆಯಲ್ಲಿರುವ ಹಣಕ್ಕೆ ಬಡ್ಡಿ ಇಲ್ಲ, ಸರಾಸರಿ ಶಿಲ್ಕು ಕಡಿಮೆಯಾದರೆ ದಂಡ ಬೀಳುತ್ತದೆ. ವರ್ಷಕ್ಕೆ ಮೂರು ನಾಲ್ಕು ಪಾವತಿ ಮಾತ್ರ ಬರುವವರಿಗೆ ಇದು ಹೊರೆ. ಅಂಥವರು ವೃತ್ತಿಯ ಜಮೆಗೆಂದು ಎರಡನೆಯ ಉಳಿತಾಯ ಖಾತೆ ಇಟ್ಟುಕೊಳ್ಳಬಹುದೇ ಎಂದು ತಮ್ಮ ಶಾಖೆಯಲ್ಲೇ ಲಿಖಿತವಾಗಿ ಕೇಳಲಿ. ನಾನು ಕನಿಷ್ಠ ಶಿಲ್ಕನ್ನೂ ಮುಂದಿನ ಮುಂಗಡ ತೆರಿಗೆಯ ಪಾಲನ್ನೂ ಚಾಲ್ತಿ ಖಾತೆಯಲ್ಲಿ ಉಳಿಸಿ, ಮಿಕ್ಕಿದ್ದನ್ನು ತಿಂಗಳಿಗೊಮ್ಮೆ ಮನೆಖರ್ಚಿನ ಉಳಿತಾಯ ಖಾತೆಗೆ ವರ್ಗಾಯಿಸುತ್ತೇನೆ.

ಬಿಲ್ಲುಗಳಲ್ಲಿ ಹೊಸ ಖಾತೆ ಸಂಖ್ಯೆ ಹಾಕಿ, ಹಳೆಯ ಗ್ರಾಹಕರಿಗೆಲ್ಲ ರದ್ದು ಮಾಡಿದ ಚೆಕ್ಕಿನ ಪ್ರತಿ ಕಳಿಸಿದೆ. ಮೊಹರು ಬಿದ್ದ ಪತ್ರದ ಪ್ರತಿ ಕಡತದಲ್ಲಿದೆ. ಮರು ಕೆವೈಸಿಗೆ ಕರೆದಾಗಲೂ ಬ್ಯಾಂಕು ಇದೇ ವಿವರಗಳನ್ನು ಕೇಳುತ್ತದೆ. ವಹಿವಾಟಿನ ಅಂಕಿ 20 ಲಕ್ಷದ ಹತ್ತಿರ ಬಂದ ವರ್ಷ ಮಾತ್ರ ಜಿಎಸ್‌ಟಿಯ ಸಾಲನ್ನು ಬದಲಿಸಿ ಹೊಸದಾಗಿ ಬರೆಯಬೇಕು.